6 ಸೆಕೆಂಡಿನ ಶಾಟಿಗೆ 13 ಸೆಕೆಂಡಿನ ವಾಕ್ಯ

ವಾಯ್ಸ್‌ಓವರ್ ಮಾಡಿಸಲು ಬರುವವರು ಮೊದಲು ಮೈಕ್ ಯಾವುದೆಂದು ಕೇಳುತ್ತಾರೆ. ಆಮೇಲೆ ರೂಮಿನಲ್ಲಿ ಸದ್ದಿಲ್ಲ ತಾನೆ ಎಂದು ವಿಚಾರಿಸುತ್ತಾರೆ. ಬರೆದು ತಂದ ಮಾತು ವಿಡಿಯೊದೊಳಗೆ ಹಿಡಿಸುತ್ತದೆಯೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ನಾನೇ ಕೇಳಿದರೆ ಬರುವ ಉತ್ತರ, "ಒಂದೂವರೆ ಪುಟ ಅಷ್ಟೇ ಸಾರ್, ಸ್ವಲ್ಪ ಸ್ಪೀಡಾಗಿ ಓದಿಬಿಟ್ರೆ ಆಯ್ತು." ಈ "ಸ್ವಲ್ಪ ಸ್ಪೀಡಾಗಿ" ಎಂಬ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ.

ಶೂಟಿಂಗ್ ಮುಗಿದು, ಎಡಿಟ್ ಆಗಿ ಕೈಯಲ್ಲಿರುವ ವಿಡಿಯೊಗೆ ಆಮೇಲೆ ಧ್ವನಿ ಕೂಡಿಸುವಾಗ ಅಳತೆ ಆಗಲೇ ನಿಗದಿಯಾಗಿರುತ್ತದೆ. 6 ಸೆಕೆಂಡಿನ ಶಾಟು ಆರೇ ಸೆಕೆಂಡು. ಆದರೆ ಸ್ಕ್ರಿಪ್ಟ್ ಬರೆಯುವವರು ವಿಡಿಯೊವನ್ನು ಮನಸ್ಸಿನಲ್ಲೇ ಓಡಿಸಿಕೊಂಡು ಬರೆಯುತ್ತಾರೆ, ಮನಸ್ಸಿನ ವಿಡಿಯೊ ನಮ್ಮ ವಾಕ್ಯ ಮುಗಿಯುವವರೆಗೂ ಕಾಯುತ್ತದೆ. ಟೈಮ್‌ಲೈನ್ ಕಾಯುವುದಿಲ್ಲ.

ಕೆಲವರು ಲೆಕ್ಕ ಹಾಕಿಕೊಂಡೇ ಬಂದಿರುತ್ತಾರೆ, ನಿಮಿಷಕ್ಕೆ 150 ಪದ ಎಂದು. ಅದು ಇಂಗ್ಲಿಷ್ ಓದಿಗೆ ಹೇಳುವ ಲೆಕ್ಕ. ಕನ್ನಡದಲ್ಲಿ "ಮನೆ" ಕೂಡ ಒಂದು ಪದ, "ತಿಳಿದುಕೊಳ್ಳಬೇಕಾಗಿದ್ದರಿಂದ" ಕೂಡ ಒಂದು ಪದ. ಮೊದಲನೆಯದು 2 ಅಕ್ಷರ, ಎರಡನೆಯದು 11. ಹಾಗಾಗಿ ನಾನು ಪದ ಎಣಿಸುವುದನ್ನು ಬಿಟ್ಟು ಅಕ್ಷರ ಎಣಿಸುತ್ತೇನೆ, ಒತ್ತಕ್ಷರವನ್ನೂ ಒಂದೇ ಎಂದು ಹಿಡಿದು. ಸಮಾಧಾನದಿಂದ ಓದಿದರೆ ನನಗೆ ಸೆಕೆಂಡಿಗೆ ಸುಮಾರು 5 ಅಕ್ಷರ ಬರುತ್ತದೆ. ನಿಮ್ಮದು ನಾಲ್ಕಿರಬಹುದು, ಆರಿರಬಹುದು. ನಿಮ್ಮದೇ ಸ್ಕ್ರಿಪ್ಟನ್ನು ಒಂದು ನಿಮಿಷ ಗಟ್ಟಿಯಾಗಿ ಓದಿ, ಎಲ್ಲಿಗೆ ಬಂದಿರೋ ಅಲ್ಲಿಯವರೆಗೆ ಅಕ್ಷರ ಎಣಿಸಿ, 60ರಿಂದ ಭಾಗಿಸಿ. ಮನಸ್ಸಿನಲ್ಲಿ ಓದಿಕೊಂಡರೆ ಲೆಕ್ಕ ತಪ್ಪುತ್ತದೆ, ಕಣ್ಣು ನಾಲಿಗೆಗಿಂತ ಬಹಳ ಮುಂದೆ ಓಡುತ್ತದೆ.

ಸೈಕಲ್ ಪಂಕ್ಚರ್ ಹಾಕುವುದನ್ನು ಕಲಿಸುವ ಒಂದು ವಿಡಿಯೊ ನನ್ನ ಹತ್ತಿರ ಬಂದಿತ್ತು. ಕೆಲಸ ಮಾಡಿ ತೋರಿಸಿದವರು ಹಳೆಯ ಮೆಕ್ಯಾನಿಕ್, ಸ್ಕ್ರಿಪ್ಟ್ ಬರೆದವನು ಅವರ ಮಗ. ಟ್ಯೂಬನ್ನು ಬಕೆಟ್ಟಿನ ನೀರಿನಲ್ಲಿ ಅದ್ದುವ ಶಾಟು 6 ಸೆಕೆಂಡು, ಗುಳ್ಳೆ ಕಾಣುವುದು ನಾಲ್ಕನೆಯ ಸೆಕೆಂಡಿಗೆ. ಅದಕ್ಕೆ ಹುಡುಗ ಬರೆದದ್ದು ಹೀಗಿತ್ತು: "ಗಾಳಿ ತುಂಬಿದ ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ನಿಧಾನವಾಗಿ ತಿರುಗಿಸುತ್ತಾ ಹೋದಾಗ ಯಾವ ಜಾಗದಿಂದ ಗುಳ್ಳೆಗಳು ಹೊರಬರುತ್ತವೆಯೋ ಆ ಜಾಗದಲ್ಲಿ ತೂತು ಬಿದ್ದಿದೆ ಎಂದು ತಿಳಿದುಕೊಳ್ಳಬೇಕು."

ವ್ಯಾಕರಣದಲ್ಲಿ ತಪ್ಪಿಲ್ಲ. ಪದಗಳು 18 ಮಾತ್ರ, ಆದ್ದರಿಂದ ಚಿಕ್ಕದೆಂದೇ ಅನ್ನಿಸುತ್ತದೆ. ಅಕ್ಷರ ಎಣಿಸಿದರೆ 65, ಅಂದರೆ 13 ಸೆಕೆಂಡು. ಉದ್ದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. "ಗುಳ್ಳೆಗಳು" ಎಂಬ ಪದ ಬರುವುದು 35 ಅಕ್ಷರ ಕಳೆದ ಮೇಲೆ, ಏಳನೆಯ ಸೆಕೆಂಡಿಗೆ. ಅಷ್ಟು ಹೊತ್ತಿಗೆ ಬಕೆಟ್ಟೂ ಇಲ್ಲ, ನೀರೂ ಇಲ್ಲ. ಪರದೆಯ ಮೇಲೆ ಮೆಕ್ಯಾನಿಕ್ಕು ಟ್ಯೂಬಿಗೆ ಉಪ್ಪುಕಾಗದ ಉಜ್ಜುತ್ತಿದ್ದಾರೆ. ನೋಡುವವನು ಉಪ್ಪುಕಾಗದದಲ್ಲಿ ಗುಳ್ಳೆ ಹುಡುಕಬೇಕು. ಕನ್ನಡದ ಉದ್ದ ವಾಕ್ಯದಲ್ಲಿ ಮುಖ್ಯ ಕ್ರಿಯಾಪದ ಕೊನೆಗೆ ಬಂದು ಕೂರುವುದರಿಂದ ಇದು ನಮಗೆ ಮತ್ತೆ ಮತ್ತೆ ಆಗುವ ಪಾಡು: ಏನು ಮಾಡಬೇಕೆಂಬುದು ಕಿವಿಗೆ ಬೀಳುವಷ್ಟರಲ್ಲಿ ಚಿತ್ರ ಮುಂದಿನ ಕೆಲಸಕ್ಕೆ ಹೋಗಿರುತ್ತದೆ. ವೇಗವಾಗಿ ಓದಿದರೂ ಸರಿಹೋಗುವುದಿಲ್ಲ. ಇಡೀ ವಾಕ್ಯವನ್ನು ಆರೇ ಸೆಕೆಂಡಿಗೆ ಹಿಂಡಿದರೆ "ಗುಳ್ಳೆಗಳು" ಹೇಗೋ ಗುಳ್ಳೆಯ ಹತ್ತಿರಕ್ಕೆ ಬರಬಹುದು, ಆದರೆ ಸೆಕೆಂಡಿಗೆ 11 ಅಕ್ಷರ ಉದುರಿಸುವ ಆ ಓದು ಯಾರಿಗೂ ತಿಳಿಯದು.

ನಾವು ಬದಲಿಸಿದ್ದು ಹೀಗೆ. ಶಾಟು ಶುರುವಾಗಿ ಅರ್ಧ ಸೆಕೆಂಡು ಬಿಟ್ಟು, "ಟ್ಯೂಬನ್ನು ನೀರಲ್ಲಿ ತಿರುಗಿಸಿ." 10 ಅಕ್ಷರ, 2 ಸೆಕೆಂಡು. ಆಮೇಲೆ ಮಾತಿಲ್ಲ. ಗುಳ್ಳೆ ಕಂಡು ಅರ್ಧ ಸೆಕೆಂಡಾದ ಮೇಲೆ, "ತೂತು ಇಲ್ಲಿದೆ." 5 ಅಕ್ಷರ, 1 ಸೆಕೆಂಡು. ಗಾಳಿ, ಮುಳುಗಿಸುವುದು, ನಿಧಾನ, ಗುಳ್ಳೆ, ಇವೆಲ್ಲ ಕಣ್ಣಿಗೆ ಕಾಣುತ್ತಲೇ ಇವೆ. ಕಂಡದ್ದಕ್ಕೆ ಅರ್ಥ ಹೇಳಿದರೆ ಸಾಕು, ಅದನ್ನೂ ಕಂಡ ಮೇಲೆ ಹೇಳಬೇಕು. ಚಿತ್ರಕ್ಕಿಂತ ಮಾತು ಮುಂದೋಡಿದರೆ ಕಣ್ಣು ಇಲ್ಲದ ವಸ್ತುವನ್ನು ಹುಡುಕಲು ಹೊರಡುತ್ತದೆ. ಇದು ಕಲಿಸುವ ವಿಡಿಯೊಗಳ ಮಾತು. ಹಾಸ್ಯಕ್ಕೋ ಕುತೂಹಲ ಹುಟ್ಟಿಸಲಿಕ್ಕೋ ಬೇಕೆಂದೇ ಮಾತನ್ನು ಮುಂದೆ ಬಿಡುವುದುಂಟು.

ಹುಡುಗನಿಗೆ ಸಮಾಧಾನವಾಗಲಿಲ್ಲ. "ಅರ್ಧ ಶಾಟು ಖಾಲಿ ಬಿಟ್ಟಿದೀರಲ್ಲ ಸಾರ್?" ಎಂದ. ಖಾಲಿ ಎಲ್ಲಿತ್ತು? ಬಕೆಟ್ಟಿನ ನೀರಿನ ಸದ್ದಿತ್ತು, ನೋಡುವವನಿಗೆ ತಾನೇ ಗುಳ್ಳೆ ಕಂಡುಹಿಡಿಯಲು ಸಮಯವಿತ್ತು. ಆ ಮೇಲೆ ಅವನಿಗೆ ಅವನ ತಂದೆಯ ಧ್ವನಿಯನ್ನೇ ಕೇಳಿಸಿದೆ. ಶೂಟಿಂಗಿನಲ್ಲಿ ಕ್ಯಾಮೆರಾದ ಮೈಕಿಗೆ ಬಿದ್ದದ್ದು. ರಸ್ತೆಯ ಗದ್ದಲದಿಂದಾಗಿ ಬಳಸುವಂತಿರಲಿಲ್ಲ. ಅದರಲ್ಲಿ ಅವರು "ತಿರುಗ್ಸಿ..." ಎಂದು ಸುಮ್ಮನಾಗುತ್ತಾರೆ, ಕೈ ತಿರುಗುತ್ತಿರುತ್ತದೆ, ಆಮೇಲೆ "ಹಾ, ಇಲ್ನೋಡಿ" ಎನ್ನುತ್ತಾರೆ. ಕೈ ಕೆಲಸ ಮಾಡುತ್ತಾ ಮಾತಾಡುವವರಿಗೆ ಈ ಲಯವನ್ನು ಯಾರೂ ಕಲಿಸಬೇಕಾಗಿಲ್ಲ. ಪೆನ್ನು ಹಿಡಿದವರಿಗೇ ಅದು ಮರೆತುಹೋಗುವುದು.

ಮಾತು ಕಡಿಮೆ ಮಾಡುವುದೇ ಎಲ್ಲ ಕಡೆಗೂ ಮದ್ದಲ್ಲ. ಅದೇ ವಿಡಿಯೊದಲ್ಲಿ ಸಲ್ಯೂಷನ್ ಹಚ್ಚಿದ ಮೇಲೆ 3 ಸೆಕೆಂಡಿನ ಒಂದು ಶಾಟಿತ್ತು, ಒಡನೆಯೇ ಪ್ಯಾಚ್ ಒತ್ತುವ ಶಾಟು. ನಿಜವಾದ ಕೆಲಸದಲ್ಲಿ ಆ ನಡುವೆ ಕೆಲವು ನಿಮಿಷ ಕಾಯಬೇಕು, ಹಸಿ ಸಲ್ಯೂಷನ್ ಮೇಲೆ ಒತ್ತಿದ ಪ್ಯಾಚ್ ನಿಲ್ಲುವುದಿಲ್ಲ. ಎಡಿಟ್‌ನಲ್ಲಿ ಕಾಯುವಿಕೆ ಕತ್ತರಿಸಿಹೋಗಿದೆ, ಆದ್ದರಿಂದ ಅದನ್ನು ಬಾಯಲ್ಲೇ ಹೇಳಬೇಕು: "ಸಲ್ಯೂಷನ್ನಿನ ಹೊಳಪು ಹೋಗುವ ತನಕ ಪ್ಯಾಚ್ ಅಂಟಿಸಬೇಡಿ." 21 ಅಕ್ಷರ, 4 ಸೆಕೆಂಡಿಗೆ ಮೇಲೆ. ಇದನ್ನು ಕತ್ತರಿಸಬಾರದು. ಇಲ್ಲಿ ಬಗ್ಗಬೇಕಾದ್ದು ಚಿತ್ರ. ಮೂಲ ಕ್ಲಿಪ್ಪಿನಲ್ಲಿ ಶಾಟಿನ ಹಿಂದೆ ಮುಂದೆ ಇನ್ನಷ್ಟು ಫೂಟೇಜ್ ಸಾಮಾನ್ಯವಾಗಿ ಇದ್ದೇ ಇರುತ್ತದೆ, ಎಡಿಟರ್ ಅದನ್ನು 2 ಸೆಕೆಂಡು ಎಳೆದುಕೊಟ್ಟರು. ಫೂಟೇಜ್ ಇಲ್ಲದಿದ್ದರೆ ಕೊನೆಯ ಫ್ರೇಮನ್ನು ನಿಲ್ಲಿಸಿ ಹಿಡಿಯಬಹುದು.

ಸಾಫ್ಟ್‌ವೇರಿನಲ್ಲಿ ಧ್ವನಿಯನ್ನೇ ವೇಗ ಮಾಡಿದರಾಗದೆ ಎಂದು ಕೇಳುವವರಿಗೆ: ನೂರಕ್ಕೆ ನಾಲ್ಕೈದರಷ್ಟಾದರೆ ಹೆಚ್ಚಿನ ಧ್ವನಿಗಳಲ್ಲಿ ಗೊತ್ತಾಗುವುದಿಲ್ಲ, ನಾನೂ ಮಾಡುತ್ತೇನೆ. ಇಪ್ಪತ್ತಕ್ಕೆ ಹೋದರೆ ಉಸಿರು, ನಿಲುಗಡೆ, ದೀರ್ಘಾಕ್ಷರ ಎಲ್ಲವೂ ಒಟ್ಟಿಗೆ ಕುಗ್ಗಿ, ಯಾರೋ ಅಟ್ಟಿಸಿಕೊಂಡು ಬರುತ್ತಿರುವಂತೆ ಕೇಳುತ್ತದೆ.

ಇದನ್ನೆಲ್ಲ ಕೊನೆಯ ರೆಕಾರ್ಡಿಂಗಿಗೆ ಮೊದಲೇ ಕಂಡುಕೊಳ್ಳಲು ಒಂದು ಸುಲಭದ ದಾರಿಯಿದೆ, ಅದನ್ನು ಬಹುತೇಕ ಎಲ್ಲರೂ ಹಾರಿಸುತ್ತಾರೆ. ಸ್ಕ್ರಿಪ್ಟನ್ನು ಮೊದಲು ಫೋನಿನಲ್ಲೇ ಓದಿ, ಆ ಕಚ್ಚಾ ಧ್ವನಿಯನ್ನು ಟೈಮ್‌ಲೈನಿನಲ್ಲಿ ಚಿತ್ರದ ಕೆಳಗೆ ಇಟ್ಟು ನೋಡಿ. ಸ್ಕ್ರ್ಯಾಚ್ ಟ್ರ್ಯಾಕ್ ಎನ್ನುತ್ತೇವೆ. ಫ್ಯಾನ್ ಸದ್ದಿದ್ದರೂ ನಾಲಿಗೆ ತಡವರಿಸಿದ್ದರೂ ಪರವಾಗಿಲ್ಲ. ಎಲ್ಲಿ ಮಾತು ಶಾಟಿನಿಂದ ಹೊರಗೆ ಚೆಲ್ಲಿದೆಯೋ ಅಲ್ಲಿ ತಿದ್ದಿ, ಮತ್ತೆ ಓದಿ ಇಡಿ. ಎಲ್ಲ ಕೂತ ಮೇಲೆ ಪ್ರತಿ ವಾಕ್ಯದ ಎದುರು ಅದು ಶುರುವಾಗುವ ಸಮಯ ಬರೆದುಕೊಳ್ಳಿ. ಮೈಕಿನ ಮುಂದೆ ಕೂತಾಗ ಪರದೆ ನೋಡುತ್ತಾ ಓದುವುದು ಬೇಡ ಎಂಬುದು ನನ್ನ ಅಭಿಪ್ರಾಯ. ಹಾಗೆ ಓದುವವರು ಚಿತ್ರವನ್ನು ಬೆನ್ನಟ್ಟುತ್ತಾರೆ, ಪ್ರತಿ ಸಾಲೂ ತುಸು ತಡವಾಗಿ, ಅಳುಕಿನಿಂದ ಬರುತ್ತದೆ. ಒಂದೊಂದೇ ಸಾಲನ್ನು ಎರಡು ಮೂರು ರೀತಿ ಓದಿ, ಸಾಲುಗಳ ನಡುವೆ ಧಾರಾಳ ಜಾಗ ಬಿಡಿ. ಟೈಮ್‌ಲೈನಿನಲ್ಲಿ ಕೂರಿಸುವುದು ಎಡಿಟರ್ ಕೆಲಸ. ಮೆಕ್ಯಾನಿಕ್ಕಿಗೆ ಮಾತ್ರ ಈ ನಿಯಮ ಬಿಟ್ಟೆ. ಕಾಗದ ಕೊಟ್ಟರೆ ಅವರ ದನಿ ಶಾಲೆಯ ಪ್ರಾರ್ಥನೆಯಂತಾಗುತ್ತಿತ್ತು. ಸದ್ದು ತೆಗೆದ ವಿಡಿಯೊ ಮುಂದಿಟ್ಟು, "ಯಾರಿಗೋ ತೋರಿಸ್ತಾ ಇದೀರಿ ಅಂದ್ಕೊಂಡು ಹೇಳಿ" ಎಂದೆ. ತಮ್ಮ ಕೈಯ ಕೆಲಸ ತಾವೇ ನೋಡುತ್ತಾ ಬಹಳ ಚೆನ್ನಾಗಿ ಹೇಳಿದರು.

ರೂಮಿನ ವಿಷಯವನ್ನು ಕೊನೆಗೆ ಇಟ್ಟುಕೊಂಡದ್ದಕ್ಕೆ ಕಾರಣವಿದೆ. ಮಾತು ಎಡೆಬಿಡದೆ ಓಡುತ್ತಿದ್ದರೆ ಅದರ ಅಡಿಯಲ್ಲಿ ರೂಮಿನ ದೋಷ ಎಷ್ಟೋ ಮುಚ್ಚಿಹೋಗುತ್ತದೆ. ಮಾತಿನ ನಡುವೆ 2 ಸೆಕೆಂಡು ಮೌನ ಬಿಟ್ಟಿರೋ, ರೂಮು ಅಲ್ಲಿ ಹೊರಬೀಳುತ್ತದೆ. ರಾತ್ರಿ ಊರೆಲ್ಲ ಮಲಗಿದ ಮೇಲೆ ಖಾಲಿ ಕೋಣೆಯಲ್ಲಿ ರೆಕಾರ್ಡ್ ಮಾಡಿಕೊಂಡು ಬಂದು "ಪಿನ್‌ಡ್ರಾಪ್ ಸೈಲೆನ್ಸ್ ಸಾರ್" ಎನ್ನುತ್ತಾರೆ. ಸದ್ದಿರಲಿಲ್ಲ, ನಿಜ, ಆದರೆ ಪ್ರತಿ ವಾಕ್ಯದ ಬಾಲದಲ್ಲಿ ಗೋಡೆಯ ಮಾರ್ದನಿ ಅಂಟಿಕೊಂಡಿದೆ. ಫ್ಯಾನಿನಂಥ ಒಂದೇ ಸಮನಾದ ಗುಂಯ್‌ಗುಡುವಿಕೆಯನ್ನು ಆಮೇಲೆ ಸ್ವಲ್ಪ ಮಟ್ಟಿಗೆ ತಗ್ಗಿಸಬಹುದು. ಮಾರ್ದನಿಯನ್ನು ಧ್ವನಿಗೆ ಪೆಟ್ಟಾಗದಂತೆ ಬಿಡಿಸುವುದು ಬಹಳ ಕಷ್ಟ. ಕೋಣೆಯ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ. ಚಪ್ಪಾಳೆಯ ಹಿಂದೆ ಝಲ್ಲೆಂಬ ಬಾಲ ಕೇಳಿದರೆ ಹಾಸಿಗೆ, ದಪ್ಪ ಕಂಬಳಿ, ಬಟ್ಟೆ ತುಂಬಿದ ಕಪಾಟು ಇರುವ ಕೋಣೆಗೆ ಹೋಗಿ. ಎದುರಿಗಿಂತ ಬೆನ್ನ ಹಿಂದೆ ಕಂಬಳಿ ಇರುವುದು ಸಾಮಾನ್ಯವಾಗಿ ಹೆಚ್ಚು ಉಪಯೋಗ, ಏಕೆಂದರೆ ನಿಮ್ಮತ್ತ ಮುಖ ಮಾಡಿರುವ ಮೈಕಿಗೆ ಕೇಳುವುದು ನಿಮ್ಮ ಹಿಂದಿನ ಗೋಡೆ. ಮೈಕ್ ಬಾಯಿಂದ ಸುಮಾರು ಒಂದು ಗೇಣು, ಸ್ವಲ್ಪ ಓರೆಗೆ. ನೇರ ಇದ್ದರೆ "ಪ", "ಬ", "ಭ"ಗಳ ಗಾಳಿ ಬಡಿಯುತ್ತದೆ.

ಓದು ಮುಗಿದ ಮೇಲೆ ಅಲ್ಲೇ ಕೂತು, ಅದೇ ಮೈಕಿನಲ್ಲಿ 30 ಸೆಕೆಂಡು ಸುಮ್ಮನೆ ಇರುವುದನ್ನೂ ರೆಕಾರ್ಡ್ ಮಾಡಿಕೊಳ್ಳಿ. ಸಾಲು ಸಾಲಾಗಿ ಕತ್ತರಿಸಿ ಕೂರಿಸಿದಾಗ ನಡುವೆ ಉಳಿಯುವ ಜಾಗಕ್ಕೆ ಈ ರೂಮ್ ಟೋನ್ ಬೇಕು. ಅದಿಲ್ಲದೆ ಪೂರ್ತಿ ನಿಶ್ಶಬ್ದ ಬಿಟ್ಟರೆ, ಹಿನ್ನೆಲೆ ಸಂಗೀತ ಇಲ್ಲದ ಕಡೆ, ಪ್ರತಿ ಸಾಲಿಗೂ ಧ್ವನಿಯ ಹಿಂದಿನ ಗಾಳಿ ಫಕ್ಕನೆ ಹತ್ತಿ ಫಕ್ಕನೆ ಆರಿದಂತೆ ಕೇಳುತ್ತದೆ. ಹೆಡ್‌ಫೋನ್ ಹಾಕಿದವರಿಗೆ ಇದು ತಕ್ಷಣ ಗೊತ್ತಾಗುತ್ತದೆ.

ಇನ್ನೊಂದು, ಎಡಿಟ್ ಒಪ್ಪಿಗೆ ಆಗುವವರೆಗೆ ಕಂಬಳಿಯನ್ನೂ ಮೈಕನ್ನೂ ಎತ್ತಿಡಬೇಡಿ. ಎತ್ತಿಡಲೇಬೇಕಾದರೆ ಮೈಕ್ ಸ್ಟ್ಯಾಂಡಿನ ಕಾಲುಗಳಿಗೂ ಕುರ್ಚಿಗೂ ನೆಲದ ಮೇಲೆ ಟೇಪ್ ಗುರುತು ಹಾಕಿ, ರೆಕಾರ್ಡಿಂಗ್ ಲೆವೆಲ್ ಎಷ್ಟಿತ್ತೆಂದು ಬರೆದಿಡಿ. ಒಂದೆರಡು ಸಾಲು ತಿದ್ದಲು ಮತ್ತೆ ಕರೆ ಬಂದೇ ಬರುತ್ತದೆ. ಆಗ ಕೂರುವ ಮೊದಲು ಹಳೆಯ ಟೇಕಿನ ಹಿಂದಿನ ಸಾಲನ್ನು ಹೆಡ್‌ಫೋನಿನಲ್ಲಿ ಕೇಳಿ, ಅದನ್ನೇ ಒಮ್ಮೆ ಓದಿ, ಅದೇ ಉಸಿರಿನ ಓಟದಲ್ಲಿ ಹೊಸ ಸಾಲಿಗೆ ಬನ್ನಿ. ಹಳೆಯದನ್ನು ಎಡಿಟರ್ ಕತ್ತರಿಸಿಕೊಳ್ಳುತ್ತಾರೆ.