‘ಜಂಗಮ’ವನ್ನು ಇಂಗ್ಲಿಷಿಗೆ ತರದೆ ಹಾಗೇ ಬಿಟ್ಟದ್ದೇಕೆ?

ಪ್ರಶ್ನೆ: ವಚನಗಳ ಇಂಗ್ಲಿಷ್ ಅನುವಾದದಲ್ಲಿ ‘ಜಂಗಮ’, ‘ಅಯ್ಯಾ’ ಮುಂತಾದವನ್ನು ಹಾಗೇ ಇಟ್ಟು, ಮುಂದೆ ಅನುವಾದಕರ ಟಿಪ್ಪಣಿ ಹಚ್ಚುತ್ತಾರೆ. ಇದು ಸೋಲೊಪ್ಪಿಕೊಂಡಂತೆ ಅಲ್ಲವೇ?

ಕೆಲವೊಮ್ಮೆ ಹೌದು. ಆದರೆ ‘ಜಂಗಮ’ದ ಮಟ್ಟಿಗೆ ಅಲ್ಲ.

‘ಉಳ್ಳವರು ಶಿವಾಲಯವ ಮಾಡುವರು’ ವಚನದ ಕೊನೆಯ ಸಾಲು ನೋಡಿ: ‘ಸ್ಥಾವರಕ್ಕಳಿವುಂಟು ಜಂಗಮಕ್ಕಳಿವಿಲ್ಲ’. ಇಲ್ಲಿ ಸ್ಥಾವರ ಎಂದರೆ ನಿಂತದ್ದು, ಜಂಗಮ ಎಂದರೆ ಚಲಿಸುವುದು. ಊರೂರು ತಿರುಗುವ ಶಿವಭಕ್ತನೂ ಹೌದು. ‘ಮಾಂಕ್’ ಎಂದು ಬರೆದರೆ ಸ್ಥಾವರದ ಎದುರಾಳಿ ಮಾಯ. ‘ಮೂವಿಂಗ್’ ಎಂದರೆ ಮನುಷ್ಯ ಮಾಯ. ಎ.ಕೆ. ರಾಮಾನುಜನ್ 1973ರ ತಮ್ಮ ಇಂಗ್ಲಿಷ್ ಅನುವಾದದಲ್ಲಿ ಎರಡನೆಯ ದಾರಿ ಹಿಡಿದರು: ನಿಂತದ್ದು ಬೀಳುತ್ತದೆ, ಚಲಿಸುವುದು ಸದಾ ಉಳಿಯುತ್ತದೆ ಎಂಬ ಅರ್ಥ ಬರುವಂತೆ. ಉಳಿಯುವುದಕ್ಕೆ ಅವರು ಬಳಸಿದ್ದು ‘ಸ್ಟೇ’, ಅಂದರೆ ಅಲ್ಲಾಡದೆ ಇರುವುದಕ್ಕೂ ಸಲ್ಲುವ ಮಾತು. ಚಲಿಸುವುದೇ ನಿಲ್ಲುತ್ತದೆ ಎಂಬ ವಿರೋಧಾಭಾಸ ಹೀಗೆ ಹುಟ್ಟಿತು. ಕನ್ನಡದ ಸಾಲಿನಲ್ಲಿ ಬೀಳುವುದೂ ಇಲ್ಲ, ಉಳಿಯುವುದೂ ಇಲ್ಲ. ಇರುವುದು ಅಳಿವು ಒಂದೇ, ಒಮ್ಮೆ ಉಂಟು, ಒಮ್ಮೆ ಇಲ್ಲ. ಆದರೂ ಕವಿತೆಯಾಗಿ ರಾಮಾನುಜನ್ ಅನುವಾದ ಗೆದ್ದಿದೆ, ನನಗೂ ಇಷ್ಟ.

ತೊಡಕು ಬರುವುದು ಬೇರೆ ವಚನಗಳಲ್ಲಿ. ‘ಗುರು ಲಿಂಗ ಜಂಗಮ’ ಎಂಬಲ್ಲಿ, ‘ಜಂಗಮ ದಾಸೋಹ’ ಎಂಬಲ್ಲಿ ‘ಚಲಿಸುವುದು’ ಹೊಂದುವುದೇ ಇಲ್ಲ. ಒಂದೊಂದು ಕಡೆ ಒಂದೊಂದು ಇಂಗ್ಲಿಷ್ ಪದ ಹಾಕಿದರೆ, ಮೂಲದಲ್ಲಿ ಇವೆಲ್ಲ ಒಂದೇ ಪದ ಎಂಬುದು ಕನ್ನಡ ಬಾರದ ಸಂಶೋಧಕನಿಗೆ ಗೊತ್ತಾಗುವ ದಾರಿಯೇ ಇರದು. ವಿದ್ವತ್ ಅನುವಾದ ಪದವನ್ನು ಉಳಿಸಿಕೊಳ್ಳುವುದು ಇದಕ್ಕೇ. ಟಿಪ್ಪಣಿಯಲ್ಲಿ ಎರಡೂ ಅರ್ಥ ಹೇಳಿ, ಯಾವ ವಚನದಲ್ಲಿ ಯಾವುದು ಮುಂದೆ ನಿಲ್ಲುತ್ತದೆಂದು ತೋರಿಸಬೇಕು. ‘ಜಂಗಮ: ಪುರೋಹಿತ’ ಎಂದು ಒಂದೇ ಪದದಲ್ಲಿ ಮುಗಿಸಿದ ಪದಕೋಶ ಕಂಡರೆ ಅನುಮಾನಿಸಿ.

ಪದ ಉಳಿಸಿಕೊಂಡ ಮಾತ್ರಕ್ಕೆ ಎಲ್ಲವೂ ಉಳಿಯದು. ‘ಉಳ್ಳವರು’ ವಚನದಲ್ಲೇ ‘ಮಾಡುವರು’, ‘ನಾನೇನ ಮಾಡುವೆ’ ಎರಡೂ ಒಂದೇ ಕ್ರಿಯಾಪದ. ಉಳ್ಳವರ ಮಾಡುವಿಕೆಗೆ ಬಡವನ ಕೈಚೆಲ್ಲುವಿಕೆ ಅಲ್ಲೇ ಉತ್ತರ. ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಗುಡಿಗೆ ‘ಬಿಲ್ಡ್’, ಪ್ರಶ್ನೆಗೆ ‘ಡೂ’ ಬರುತ್ತದೆ, ಕೊಂಡಿ ಕಳಚುತ್ತದೆ. ಗುಡಿಗೂ ಪ್ರಶ್ನೆಗೂ ‘ಮೇಕ್’ ಎಂದು ಹಾಕಿದರೆ ತುಸು ಒರಟು. ನಾನಾದರೆ ಆ ಒರಟನ್ನೇ ಇಟ್ಟು ಕಾರಣ ಟಿಪ್ಪಣಿಸುತ್ತೇನೆ.

‘ಅಯ್ಯಾ’ ವಿಷಯದಲ್ಲಿ ಮಾತ್ರ ಹಟ ಬೇಡ. ಇದೇ ವಚನದಲ್ಲಿ ಅದು ಮೂರು ಸಲ ಬರುತ್ತದೆ: ಬಡವನಯ್ಯಾ, ಕಳಶವಯ್ಯಾ, ಕೇಳಯ್ಯಾ. ಮೂರಕ್ಕೂ ‘ಓ ಲಾರ್ಡ್’ ಎಂದರೆ ಪ್ರಾರ್ಥನಾ ಪುಸ್ತಕದ ವಾಸನೆ ಬಂದು, ಆಡುಮಾತಿನ ಸಲುಗೆ ಹೋಗುತ್ತದೆ. ಒಂದೆರಡನ್ನು ಬಿಟ್ಟು, ಬಿಟ್ಟಿದ್ದೇನೆಂದು ಹೇಳಿದರಾಯಿತು. ಆದರೆ ‘ಅಯ್ಯಾ ಎಂದಡೆ ಸ್ವರ್ಗ, ಎಲವೋ ಎಂದಡೆ ನರಕ’ ಎಂಬಲ್ಲಿ ಬಿಡುವಂತಿಲ್ಲ. ಅಲ್ಲಿ ಆ ಪದವೇ ವಚನದ ವಿಷಯ.