ಡೆಂಗಿಯಲ್ಲಿ ಜ್ವರ ಇಳಿದ ದಿನವೇ ಎಚ್ಚರದ ದಿನ

ಮಳೆಗಾಲದಲ್ಲಿ ಏಕಾಏಕಿ ಜ್ವರ ಏರಿ, ಮೈಕೈಯೆಲ್ಲ ಜಜ್ಜಿದಂತೆ ನೋಯುತ್ತ, ಕಣ್ಣು ಹೊರಳಿಸಿದರೆ ಕಣ್ಣಗುಡ್ಡೆಯ ಹಿಂದೆ ನೋವು ಕಾಣಿಸಿಕೊಂಡರೆ ಡೆಂಗಿಯನ್ನು ಶಂಕಿಸಬೇಕು. ಮೊದಲ ಐದು ದಿನಗಳೊಳಗೆ ಎನ್‌ಎಸ್‌1 ರಕ್ತಪರೀಕ್ಷೆ ಹೆಚ್ಚು ಉಪಯುಕ್ತ. ಆದರೆ ಅದರಲ್ಲಿ ಸೋಂಕು ಕಾಣದಿದ್ದ ಮಾತ್ರಕ್ಕೆ ಡೆಂಗಿ ಇಲ್ಲವೆಂದು ಹೇಳಲಾಗದು.

ಇತ್ತೀಚೆಗೆ ನಾನು ನೋಡಿದ ಸುಮಾರು 60 ಕೆ.ಜಿ. ತೂಕದ ಯುವಕನೊಬ್ಬನಿಗೆ ಐದನೆಯ ದಿನ ಬೆಳಿಗ್ಗೆ ಜ್ವರ ಬಿಟ್ಟಿತ್ತು. ಗುಣವಾಯಿತೆಂದು ಮನೆಯವರು ನೆಮ್ಮದಿಯಿಂದಿದ್ದರು. ಮಧ್ಯಾಹ್ನದ ಹೊತ್ತಿಗೆ ಹೊಟ್ಟೆನೋವು ಶುರುವಾಗಿ, ಮೂರು ಬಾರಿ ವಾಂತಿಯಾಯಿತು. ಅವನ ಹೆಂಡತಿ ಜ್ವರದ ಅಳತೆಯನ್ನು ಗಂಟೆ ಸಮೇತ ಚೀಟಿಯಲ್ಲಿ ಬರೆದುಕೊಂಡು ಬಂದಿದ್ದರು. ಆದರೆ ಮೂತ್ರ ಎಷ್ಟು ಹೊತ್ತಿಗೆ ಹೋಗಿದ್ದಾನೆಂದು ಕೇಳಿದಾಗ, ಬೆಳಿಗ್ಗೆ ಎದ್ದ ಮೇಲೆ ಹೋಗಿಯೇ ಇಲ್ಲವೆಂಬುದು ಅವರಿಗೆ ಆಗಲೇ ಹೊಳೆದದ್ದು. ಅಂಗೈ ತಣ್ಣಗಿತ್ತು, ರಕ್ತದೊತ್ತಡ 100/80 ಇತ್ತು.

ಮೇಲಿನ ಅಂಕಿ ನೂರಿದೆಯಲ್ಲ ಎಂದು ಸಮಾಧಾನಪಡುವಂತಿಲ್ಲ. ಎರಡು ಅಂಕಿಗಳ ನಡುವಿನ ಅಂತರ 20ಕ್ಕೆ ಇಳಿದಿದೆ ಎಂದರೆ ರಕ್ತಪರಿಚಲನೆ ಕುಸಿಯತೊಡಗಿದೆ ಎಂದೇ ಅರ್ಥ. ಸಾಮಾನ್ಯವಾಗಿ ಮೂರರಿಂದ ಏಳನೆಯ ದಿನದ ನಡುವೆ, ಜ್ವರ ಇಳಿಯುವ ಹೊತ್ತಿಗೇ, ಕೆಲವರಲ್ಲಿ ಸೂಕ್ಷ್ಮ ರಕ್ತನಾಳಗಳಿಂದ ರಕ್ತದ ದ್ರವಾಂಶ ಸೋರಿ ಹೊಟ್ಟೆ ಮತ್ತು ಎದೆಗೂಡಿನಲ್ಲಿ ಸೇರುತ್ತದೆ, ಉಳಿದ ರಕ್ತ ಗಟ್ಟಿಯಾಗುತ್ತದೆ. ರಕ್ತದಲ್ಲಿ ಕೆಂಪುಕಣಗಳ ಪಾಲು ಶೇಕಡಾ ಎಷ್ಟೆಂದು ತೋರಿಸುವ ಪಿಸಿವಿ ಅವನಲ್ಲಿ ಎರಡು ದಿನಗಳಲ್ಲಿ 42ರಿಂದ 51ಕ್ಕೆ ಏರಿದ್ದು ಇದನ್ನೇ ಹೇಳುತ್ತಿತ್ತು. ಎಲ್ಲರೂ ಪ್ಲೇಟ್‌ಲೆಟ್ ಎಷ್ಟಿದೆ ಎಂದಷ್ಟೇ ಕೇಳುತ್ತಾರೆ. ಈ ಹಂತದಲ್ಲಿ ನಾನು ಮೊದಲು ನೋಡುವುದು ಪಿಸಿವಿ ಮತ್ತು ಮೂತ್ರವನ್ನು.

ಮನೆಯಲ್ಲಿರುವಾಗ, ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಯಿಲ್ಲದ ವಯಸ್ಕರು ದಿನಕ್ಕೆ ಎರಡರಿಂದ ಎರಡೂವರೆ ಲೀಟರ್ ದ್ರವ ಕುಡಿಯಬೇಕು. ಬರೀ ನೀರಿಗಿಂತ, ಪೊಟ್ಟಣದಲ್ಲಿ ಸೂಚಿಸಿದಷ್ಟೇ ನೀರಿನಲ್ಲಿ ಕದಡಿದ ಓಆರ್‌ಎಸ್ ಮತ್ತು ಹಣ್ಣಿನ ರಸ ಸೇರಿದ್ದರೆ ಒಳ್ಳೆಯದು. ವಾಕರಿಕೆಯಿದ್ದರೆ ಐದೈದು ನಿಮಿಷಕ್ಕೆ ಎರಡೆರಡು ಗುಟುಕು ಕೊಡಿ. ನಾಲ್ಕರಿಂದ ಆರು ಗಂಟೆಗೊಮ್ಮೆ ಮೂತ್ರ ಹೋಗುತ್ತಿದ್ದರೆ ಕುಡಿದದ್ದು ಸಾಲುತ್ತಿದೆ ಎಂದು ತಿಳಿಯಬಹುದು. ಜ್ವರಕ್ಕೂ ಮೈಕೈ ನೋವಿಗೂ ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಸಿಟಮಾಲ್ ಮಾತ್ರ. ಐಬುಪ್ರೊಫೇನ್, ಡೈಕ್ಲೋಫಿನ್ಯಾಕ್, ಆಸ್ಪಿರಿನ್ ರಕ್ತಸ್ರಾವವನ್ನು ಹೆಚ್ಚಿಸುವುದರಿಂದ ನೋವೆಷ್ಟೇ ಇದ್ದರೂ ಅವನ್ನು ನೀವಾಗಿ ತೆಗೆದುಕೊಳ್ಳಬೇಡಿ. ಬೇರೆ ಕಾಯಿಲೆಗಾಗಿ ವೈದ್ಯರ ಸಲಹೆಯಂತೆ ಆಸ್ಪಿರಿನ್ ಸೇವಿಸುತ್ತಿರುವವರು ಅವರನ್ನೇ ಕೇಳಿ ನಿರ್ಧರಿಸಬೇಕು.

ಬಿಡದ ಹೊಟ್ಟೆನೋವು, ಮತ್ತೆಮತ್ತೆ ವಾಂತಿ, ಒಸಡು ಅಥವಾ ಮೂಗಿನಿಂದ ರಕ್ತ, ಕಪ್ಪು ಮಲ, ಉಸಿರಾಟಕ್ಕೆ ಕಷ್ಟ, ಮಂಪರು ಅಥವಾ ಚಡಪಡಿಕೆ — ಇವುಗಳಲ್ಲಿ ಒಂದು ಕಂಡರೂ, ಜ್ವರವಿಲ್ಲದಿದ್ದರೂ, ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಕರೆತನ್ನಿ. ಗರ್ಭಿಣಿಯರು, ಕೂಸುಗಳು, ಮಧುಮೇಹಿಗಳನ್ನು ಇನ್ನೂ ಮುಂಚಿತವಾಗಿಯೇ ತೋರಿಸಬೇಕು.

ಆ ಯುವಕನಿಗೆ ಮೊದಲ ಗಂಟೆಯಲ್ಲಿ 600 ಮಿ.ಲೀ. ಸಲೈನ್ ಕೊಟ್ಟೆವು, ಕೈ ಬೆಚ್ಚಗಾಗಿ ಮೂತ್ರ ಬಂದ ಮೇಲೆ, ಪಿಸಿವಿಯನ್ನು ಮತ್ತೆಮತ್ತೆ ನೋಡುತ್ತ ಸಲೈನ್ ವೇಗವನ್ನು ಹಂತಹಂತವಾಗಿ ಇಳಿಸಿದೆವು. ಸೋರಿಕೆ ಹೆಚ್ಚೆಂದರೆ ಎರಡು ದಿನ ಇರುತ್ತದೆ; ಬಳಿಕ ಸೋರಿದ ದ್ರವವೆಲ್ಲ ರಕ್ತನಾಳಕ್ಕೆ ಮರಳುವುದರಿಂದ, ಆಗಲೂ ಡ್ರಿಪ್ ಮುಂದುವರಿಸಿದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಮೂರನೆಯ ದಿನ ಅವನಿಗೆ ಹಸಿವಾಯಿತು, ಡ್ರಿಪ್ ತೆಗೆದೆವು.