ಡೆಸಿಬಲ್ ಕೂಡಿಸುವಾಗ 94ಕ್ಕೆ 90 ಸೇರಿದರೆ ಎಷ್ಟು?

ಕೈಗಾರಿಕಾ ಸುರಕ್ಷತೆ ಪರೀಕ್ಷೆಗೆ ಓದುವವರಿಗೆ ನಾನು ಕೊಡುವ ಮೊದಲ ಲೆಕ್ಕ ಬೆಳಗಾವಿಯ ಉದ್ಯಮಬಾಗದಲ್ಲಿ ಕಾಣಸಿಗುವಂಥ ಒಂದು ವರ್ಕ್‌ಶಾಪಿನದು. ಕೆಲಸಗಾರ ನಿಂತ ಜಾಗದಲ್ಲಿ ಒಂದೊಂದೇ ಯಂತ್ರ ನಡೆಸಿ ಅಳೆದರೆ ಗ್ರೈಂಡರ್ 94, ಕಂಪ್ರೆಸರ್ 90, ಲೇಥ್ 82 ಡೆಸಿಬಲ್. ಮೂರೂ ಒಟ್ಟಿಗೆ ನಡೆದರೆ?

ಒಬ್ಬನಾದರೂ 266 ಎಂದು ಬರೆದೇ ಬರೆಯುತ್ತಾನೆ. ಇನ್ನೊಬ್ಬ ಸರಾಸರಿ ತೆಗೆದು 89 ಎನ್ನುತ್ತಾನೆ. ಗ್ರೈಂಡರ್ ಒಂದೇ 94 ಇರುವಾಗ ಮೂರೂ ಸೇರಿ 89ಕ್ಕೆ ಇಳಿಯೋದು ಹೆಂಗಪ್ಪಾ ಅಂತ ಕೇಳಿದರೆ ಅವನೇ ನಗುತ್ತಾನೆ.

ಡೆಸಿಬಲ್ ಲಾಗರಿದಮ್ ಅಳತೆ. ಕೂಡಬೇಕಾದದ್ದು ಅದರ ಹಿಂದಿರುವ ಶಕ್ತಿಯನ್ನು:

```
L = 10 log10(10^(L1/10) + 10^(L2/10) + ...)
```

94ನ್ನು 10ರಿಂದ ಭಾಗಿಸಿದರೆ 9.4, ಅದರ ಆಂಟಿಲಾಗ್ 251.2 ಕೋಟಿ. ಕಂಪ್ರೆಸರಿನದು 100 ಕೋಟಿ, ಲೇಥಿನದು 15.8 ಕೋಟಿ. ಮೊತ್ತ 367 ಕೋಟಿ. ಅದರ ಲಾಗ್ 9.565, ಉತ್ತರ 95.6 ಡೆಸಿಬಲ್. ಹೆಚ್ಚು ಜನ ಎಡವುವುದು 10ರಿಂದ ಭಾಗಿಸುವುದನ್ನು ಮರೆತು.

ಕ್ಯಾಲ್ಕ್ಯುಲೇಟರ್ ಇಲ್ಲದಿದ್ದರೆ ಎರಡೆರಡಾಗಿ, ಚಿಕ್ಕದರಿಂದ ಕೂಡಿ. ವ್ಯತ್ಯಾಸ 0 ಅಥವಾ 1 ಇದ್ದರೆ ದೊಡ್ಡದಕ್ಕೆ 3 ಸೇರಿಸಿ; 2 ಅಥವಾ 3 ಇದ್ದರೆ 2; 4ರಿಂದ 9 ಇದ್ದರೆ 1; 10 ಅಥವಾ ಹೆಚ್ಚಿದ್ದರೆ ಏನೂ ಬೇಡ. 82 ಮತ್ತು 90 ಸೇರಿ 91; 91 ಮತ್ತು 94 ಸೇರಿ 96. ಅರ್ಧ ಡೆಸಿಬಲ್ ಆಚೀಚೆ, ಅಷ್ಟೇ.

ಪ್ರಶ್ನೆಯ ಎರಡನೇ ಭಾಗ ನನಗೆ ಹೆಚ್ಚು ಇಷ್ಟ: ಶಬ್ದ ತಗ್ಗಿಸಲು ಯಾವ ಯಂತ್ರಕ್ಕೆ ಕೈ ಹಾಕಬೇಕು? ಮಾಲೀಕರು ಸಾಮಾನ್ಯವಾಗಿ ಕಂಪ್ರೆಸರನ್ನು ಹೊರಗೆ ಹಾಕುತ್ತೇವೆ ಎನ್ನುತ್ತಾರೆ, ಅದು ಸುಲಭ. ಅದರ 100 ಕೋಟಿ ಕಳೆದರೆ 267 ಉಳಿಯುತ್ತದೆ, ಅಂದರೆ 94.3. ಖರ್ಚು ಮಾಡಿ ಗಳಿಸಿದ್ದು ಒಂದೂವರೆ ಡೆಸಿಬಲ್‌ಗೂ ಕಡಿಮೆ! ಲೇಥ್ ನಿಲ್ಲಿಸಿದರಂತೂ 95.5, ಕಿವಿಗೆ ಗೊತ್ತೇ ಆಗದು. ಗ್ರೈಂಡರನ್ನು ಬೇರೆ ಕೋಣೆಗೆ ಪೂರ್ತಿ ಒಯ್ದರೆ ಮಾತ್ರ 115.8 ಕೋಟಿ ಉಳಿದು 90.6ಕ್ಕೆ ಬರುತ್ತದೆ. ಎಂಟು ತಾಸಿನ ಪಾಳಿಗೆ ನಮ್ಮಲ್ಲಿ ಪಾಠ ಮಾಡುವ ಮಿತಿ 90. ಅದಕ್ಕೂ ಇನ್ನೂ ಸ್ವಲ್ಪ ಬಾಕಿ.

ಒಂದೇ ತರಹದ ಯಂತ್ರಗಳಿದ್ದರೆ ಲೆಕ್ಕ ಚಿಕ್ಕದು: ಒಂದರ ಮಟ್ಟಕ್ಕೆ `10 log10(n)` ಕೂಡಿಸಿ. ಬನಹಟ್ಟಿಯ ಒಂದು ಶೆಡ್ಡಿನಲ್ಲಿ ತಲಾ 88ರ ಎಂಟು ಪವರ್‌ಲೂಮ್ ಇವೆ ಎನ್ನಿ. 88 ಮತ್ತು 9 ಸೇರಿ 97. ನಾಲ್ಕು ಮಗ್ಗ ಬಂದ್ ಮಾಡಿದರೂ 94. ಅರ್ಧ ಉತ್ಪಾದನೆ ಹೋಯಿತು, ಇಳಿದದ್ದು 3.

ಆದರೆ ಆ 88 ಎಂಟೂ ಮಗ್ಗಗಳಿಗೆ ಒಂದೇ ಜಾಗದಿಂದ ಅಳೆದದ್ದಿರಬೇಕು. ನಿಜವಾದ ಶೆಡ್ಡಿನಲ್ಲಿ ನೇಕಾರನ ಪಕ್ಕದ ಮಗ್ಗಕ್ಕೂ ಮೂಲೆಯ ಮಗ್ಗಕ್ಕೂ ಅವನ ಕಿವಿಯಲ್ಲಿ ಬೇರೆ ಬೇರೆ ಅಂಕಿ. ಪ್ರತಿ ಮಗ್ಗದ ಮಗ್ಗುಲಲ್ಲೇ ನಿಂತು ಅಳೆದ ಅಂಕಿಗಳನ್ನು ಕೂಡಿದರೆ ಲೆಕ್ಕ ತಪ್ಪದೆ ಉತ್ತರ ಮಾತ್ರ ಹೆಚ್ಚಾಗಿ ಬರುತ್ತದೆ.